ನೈಋತ್ಯ ಮೂಲೆಯ ಬಂಡೆ

ವರದಿಯ ಉತ್ತರ ಮೊದಲೇ ಸಿದ್ಧವಾಗಿತ್ತು. ನಾನು ಅದಕ್ಕೆ ತಕ್ಕ ಕಾರಣಗಳನ್ನು ಹುಡುಕಿ ತುಂಬಬೇಕಿತ್ತು, ಅಷ್ಟೆ.

ನಾರಾಯಣಪೇಟೆ ಜಿಲ್ಲೆಯಾದ ಹೊಸತು. ಊರಿಗೆ ದೊಡ್ಡ ಕಟ್ಟಡಗಳ ಆಸೆ ಬಂದಿತ್ತು. ಒಬ್ಬ ಸೀರೆ ವ್ಯಾಪಾರಿಯ ಮನೆತನದವರು ತಮ್ಮ ಹಳೆಯ ಗೋದಾಮು ಕೆಡವಿ, ಕೆಳಗೆ ಗಾಡಿ ನಿಲ್ಲಿಸಲು ನೆಲಮಾಳಿಗೆಯಿರುವ ಅಂಗಡಿ ಸಂಕೀರ್ಣ ಕಟ್ಟಿಸಲು ನಮ್ಮ ಕಂಪನಿಗೆ ಕೆಲಸ ಕೊಟ್ಟರು. ಯುಗಾದಿಗೆ ಅಗೆತ ಶುರುವಾಯಿತು. ಮುಂಗಾರಿಗೆ ಮೊದಲು ಗುಂಡಿ ಮುಗಿದು ತಳಕ್ಕೆ ಕಾಂಕ್ರೀಟು ಬೀಳಬೇಕೆಂದು ಲೆಕ್ಕ. ಗುಂಡಿ ಮುಗಿದದ್ದು ದೀಪಾವಳಿ ಕಳೆದ ಮೇಲೆ. ಕೆಲಸದ ವೇಳಾಪಟ್ಟಿ ನೋಡಿಕೊಳ್ಳುವ ಇಂಜಿನಿಯರ್ ಎಂದು ನನ್ನನ್ನು ಆ ಸೈಟಿಗೆ ಕಳಿಸಿದ್ದೇ ಮಳೆಗಾಲದ ನಡುವೆ. ಆಗಲೇ ಎಲ್ಲವೂ ಕೆಟ್ಟು ಕೂತಿತ್ತು. ಎಲ್ಲಿ ತಡವಾಯಿತು, ಮುಂದೆ ಏನು ಮಾಡಬಾರದು ಎಂದು ಆಡಳಿತ ಮಂಡಳಿಗೆ ‘ಕಲಿತ ಪಾಠಗಳ ವರದಿ’ ಬರೆಯುವ ಹೊಣೆಯೂ ನನ್ನ ತಲೆಗೇ ಬಂತು.

ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಗದ್ವಾಲದವರು, ಮನೆಮಾತು ಕನ್ನಡ. ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಕೆಟ್ಟವರಲ್ಲ, ಆದರೆ ನಿವೃತ್ತಿ ಹತ್ತಿರವಿದ್ದ ಮನುಷ್ಯ. ಬೆಳಿಗ್ಗೆ ಚಹಾ ಕುಡಿಯುತ್ತ ನನ್ನನ್ನು ಕರೆದು ವಿಷಯ ಮುಗಿಸಿಬಿಟ್ಟರು.

“ಉದ್ದ ಬರೀಬ್ಯಾಡ್ರಿ. ಮಷೀನಿನ ಗುತ್ತೇದಾರ ಸಾಕಷ್ಟು ಮಷೀನ್ ತರಲಿಲ್ಲ, ನೆಲದಾಗ ಕಲ್ಲು ಇತ್ತು, ಮಳಿ ಬಂತು. ಮೂರು ಮಾತು. ಇವನ್ನ ಬಿಟ್ಟು ಗದ್ವಾಲಕ್ಕ ಬ್ಯಾರೆಯವ್ರನ್ನ ನೋಡ್ರಿ ಅಂತ ಒಂದು ಸಾಲು. ಮುಗೀತು.”

ಗದ್ವಾಲದಲ್ಲಿ ಕಂಪನಿಗೆ ಇಂಥದೇ ಇನ್ನೊಂದು ನೆಲಮಾಳಿಗೆಯ ಕೆಲಸ ಸಿಕ್ಕಿತ್ತು. ವರದಿ ಬಂದ ಮೇಲೆಯೇ ಅದನ್ನು ಯಾರಿಗೆ ಕೊಡುವುದೆಂದು ನಿರ್ಧಾರ. ಅಂದರೆ ನನ್ನ ಆ ಒಂದು ಸಾಲಿನಿಂದ ಮಕ್ತಲ್‌ನ ಆ ಮಷೀನಿನ ಗುತ್ತೇದಾರನಿಗೆ ಗದ್ವಾಲದ ಕೆಲಸವಷ್ಟೇ ಅಲ್ಲ, ನಮ್ಮ ಕಂಪನಿಯ ಬಾಗಿಲೇ ಮುಚ್ಚುತ್ತಿತ್ತು. ಸುತ್ತಲಿನ ಊರುಗಳಲ್ಲಿ ಇಂಥ ಮಾತು ಗಾಳಿಗಿಂತ ಬೇಗ ಓಡುತ್ತದೆ. ಆಮೇಲೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ.

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಬೇಗ ಬರುವ ಜಾತಿಯದು, ಹೋಗುವಾಗ ಮಾತ್ರ ನಿಧಾನ. ನಮ್ಮದು ಮಾಗನೂರು ಕಡೆಯ ಮನೆ. ನಮ್ಮಪ್ಪ ನಮ್ಮವ್ವ ಸುಗ್ಗಿ ಮುಗಿದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಯಾವ್ಯಾವುದೋ ರಾಜ್ಯದಲ್ಲಿ ಕಾಲುವೆ ಅಗೆದು ಬಂದವರು. ಕಾಲುವೆ ತಡವಾದರೆ ತಪ್ಪು ಯಾವಾಗಲೂ ಅಗೆದವರದ್ದೇ ಎಂಬುದನ್ನು ನಾನು ಅಂಬೆಗಾಲಿನಿಂದ ಕೇಳಿದ್ದೇನೆ. ಆದರೆ ಸಿಟ್ಟಿನಿಂದ ವರದಿ ಬರೆಯಲಾಗುವುದಿಲ್ಲ. ಗುತ್ತೇದಾರ ನಮ್ಮ ಕಡೆಯವನು ಎಂದು ಅವನನ್ನು ಬಿಡಿಸುವುದೂ ನನಗೆ ಬೇಕಿರಲಿಲ್ಲ. ಆದದ್ದು ಆದ ಹಾಗೆ ಬರೆಯುತ್ತೇನೆ ಎಂದು ಗಟ್ಟಿ ಮಾಡಿಕೊಂಡೆ. ಸಾಹೇಬರಿಗೆ, “ಎರಡು ವಾರ ಕೊಡ್ರಿ ಸರ್” ಎಂದೆ. ಅವರು ಹೂಂ ಎಂದರು, ಮೂರು ಮಾತಿಗೆ ಎರಡು ವಾರ ಯಾಕೆಂದು ಕೇಳಲಿಲ್ಲ.

ಅಸಲಿಗೆ ಕಾರಣ ಗುಟ್ಟಾಗಿರಲಿಲ್ಲ. ಸೈಟಿನ ಕಾವಲುಗಾರನಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು. ಬರೆಯಲು ಮಾತ್ರ ಯಾರಿಗೂ ಬೇಡವಾಗಿತ್ತು.

ಕಟ್ಟಡ ಶುರುವಾಗುವ ಮೊದಲು ನೆಲದೊಳಗೆ ಏನಿದೆ ಎಂದು ತಿಳಿಯಲು ಅಲ್ಲಲ್ಲಿ ಬೋರ್ ಕೊರೆದು ಮಣ್ಣು, ಕಲ್ಲಿನ ಮಾದರಿ ತೆಗೆಯುತ್ತಾರೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂದು ನಕ್ಷೆಯಲ್ಲಿ ಗುರುತು ಮಾಡಿತ್ತು. ಕೊರೆಯುವವರು ಬಂದ ದಿನ ಮಾಲೀಕರ ಮನೆಯ ಹಿರಿಯ ಅಮ್ಮ ನೈಋತ್ಯ ಮೂಲೆಯಲ್ಲಿ ತೂತು ಕೊರೆಯಬೇಡಿ ಎಂದರಂತೆ. ಅದು ಮನೆಯ ಭಾರದ ಮೂಲೆ, ಅಲ್ಲಿ ನೆಲ ಎತ್ತರವಿರಬೇಕು. ಈಶಾನ್ಯದಲ್ಲಿ ಪೂಜೆಯಾಗಿ ಗುದ್ದಲಿ ಬೀಳುವ ಮೊದಲು ಅಲ್ಲಿ ಗುಂಡಿ ಬಿದ್ದರೆ ಮನೆತನಕ್ಕೆ ಒಳ್ಳೆಯದಲ್ಲ. ಇದು ನಮ್ಮ ಕಡೆ ಹೊಸ ಮಾತೇನಲ್ಲ. ಸಾಹೇಬರು ಸರಿ ಎಂದು ಆ ಬೋರನ್ನು ನಡುವಿನ ಬೋರಿನ ಹತ್ತಿರಕ್ಕೆ ಸರಿಸಿಬಿಟ್ಟರು. ಕೊರೆದಲ್ಲೆಲ್ಲ ಮೆತ್ತನೆಯ ಮೊರಂ, ಅಂದರೆ ಗರಸು ಮಣ್ಣು ಬಂತು. ಗುಂಡಿಯ ತಳದವರೆಗೆ ಬರೀ ಮೊರಂ ಎಂದು ನಂಬಿ ವೇಳಾಪಟ್ಟಿ ಹಾಕಿದರು, ಅದೇ ನಂಬಿಕೆಯ ಮೇಲೆ ಗುತ್ತೇದಾರನ ಜೊತೆ ಕರಾರೂ ಆಯಿತು.

ನಮ್ಮ ಸೀಮೆಯ ನೆಲ ಬಲ್ಲವರಿಗೆ ಇದರ ಅಪಾಯ ಗೊತ್ತು. ಇಲ್ಲಿ ಕಲ್ಲು ಸಮನಾಗಿ ಮಲಗಿರುವುದಿಲ್ಲ. ಒಂದು ಕಡೆ ಆಳದವರೆಗೆ ಮೊರಂ, ಹತ್ತು ಹೆಜ್ಜೆ ಆಚೆ ಎಮ್ಮೆಯ ಬೆನ್ನಿನ ಹಾಗೆ ಬಂಡೆ. ಅಗೆತವೂ ಶಾಸ್ತ್ರದ ಪ್ರಕಾರ ಈಶಾನ್ಯದಿಂದಲೇ ಶುರುವಾಗಿ ನೈಋತ್ಯಕ್ಕೆ ಕೊನೆಗೆ ಬಂತು. ಹಾಗಾಗಿ ಮುಕ್ಕಾಲು ಗುಂಡಿ ಬೆಣ್ಣೆ ಕೊಯ್ದಂತೆ ಆಗಿ, ಎಲ್ಲರೂ ಬೆನ್ನು ತಟ್ಟಿಕೊಂಡ ಮೇಲೆ, ಕೊನೆಯ ಮೂಲೆಯಲ್ಲಿ ಗಟ್ಟಿ ಬಂಡೆ ಎದುರಾಯಿತು. ಆಗ ಮಳೆ ಊರ ಬಾಗಿಲಿಗೆ ಬಂದಿತ್ತು.

ಸಿಡಿಮದ್ದು ಇಡುವಂತಿಲ್ಲ, ಸುತ್ತ ಮನೆಗಳು. ಪಡುವಣಕ್ಕೆ ಗೋಡೆಗೆ ಹೊಂದಿಕೊಂಡೇ ನೇಕಾರರ ಮನೆ. ಅವರ ಮಗ್ಗ ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲಿಟ್ಟು ನೇಯುವಂಥದು. ಕಲ್ಲೊಡೆಯುವ ಬ್ರೇಕರ್ ಬಡಿಯತೊಡಗಿದರೆ ನೆಲದ ಅದುರು ನೇರ ಅವರ ಕಾಲಿಗೆ ಬರುತ್ತಿತ್ತು. ಅವರು ಜಗಳಕ್ಕೆ ಬಂದರು, ತಪ್ಪೇನಿರಲಿಲ್ಲ. ಕೊನೆಗೆ ಅವರು ಊಟಕ್ಕೆಂದು ಮಗ್ಗ ಬಿಟ್ಟೇಳುವ ಮಧ್ಯಾಹ್ನದ ಹೊತ್ತು ಮಾತ್ರ ಬ್ರೇಕರ್, ಉಳಿದ ಹೊತ್ತು ಬಂಡೆಯಲ್ಲಿ ಸಾಲಾಗಿ ರಂಧ್ರ ಕೊರೆದು ಉಬ್ಬುವ ಪುಡಿ ಕಲಸಿ ತುಂಬಿ, ಅದು ತಾನಾಗಿ ಸೀಳುವವರೆಗೆ ಕಾಯುವುದು ಎಂದು ಒಪ್ಪಂದವಾಯಿತು. ಸದ್ದಿಲ್ಲದ ಕೆಲಸ, ಆದರೆ ಆಮೆಯ ನಡಿಗೆ. ಅಷ್ಟರಲ್ಲಿ ಈಶಾನ್ಯದ ಕಡೆ ಪೂರ್ತಿ ಆಳಕ್ಕೆ ಅಗೆದು ತೆರೆದಿಟ್ಟಿದ್ದ ತಳ ಮಳೆಯಲ್ಲಿ ನೆನೆದು ಕೆಸರಾಯಿತು. ಮೇಲಿನ ಮೆತ್ತನೆಯ ಪದರ ಕೆರೆದು ಹಾಕಿ, ತೆಳು ಕಾಂಕ್ರೀಟು ತುಂಬಿ ಮತ್ತೆ ಮಟ್ಟ ಮಾಡಬೇಕಾಯಿತು.

ಮಕ್ತಲ್‌ನ ಗುತ್ತೇದಾರನನ್ನು ಅವನ ಷೆಡ್ಡಿನಲ್ಲೇ ಹೋಗಿ ಕಂಡೆ. ದಪ್ಪ ಮೀಸೆಯ, ಮಾತಿನ ಮಲ್ಲ. ಬಿಚ್ಚಿಟ್ಟ ಬ್ರೇಕರಿನ ಉಳಿಯ ಪಕ್ಕ ಕುರ್ಚಿ ಹಾಕಿಸಿದ. ಸಾಹೇಬರು ಏನು ಬರೆಸಲಿದ್ದಾರೆಂದು ಅವನಿಗೆ ಆಗಲೇ ಮುಟ್ಟಿತ್ತು.

“ಮೇಡಂ, ಆ ಬಂಡಿಗಲ್ಲು ನಾ ಇಟ್ಟೀನೇನ್ರಿ ಅಲ್ಲಿ?” ಎಂದ.

“ಬಂಡಿ ನೀವು ಇಟ್ಟಿಲ್ಲ ಅಣ್ಣಾ. ಬಂಡಿ ಸಿಕ್ಕ ಮ್ಯಾಲ ಎರಡು ಬ್ರೇಕರ್ ತರ್ತೀನಿ ಅಂತ ಒಪ್ಪಿ ಒಂದ ತಂದ್ರಲ್ಲ, ಅದು ಯಾರದು?”

ಅವನು ಮೀಸೆ ಮುಟ್ಟಿಕೊಂಡ. “ಇನ್ನೊಂದು ರಾಜೋಳಿ ಕಡಿ ಕೆಲಸದಾಗ ಸಿಕ್ಕೊಂಡಿತ್ರಿ.”

“ನಮಗ ಅದನ್ನ ಹೇಳಿದ್ರೇನು?”

“ಹೇಳಿದ್ರ ಬೈತಿದ್ರಿ.”

“ಈಗ ಬರೀತೀನಿ. ಹಬ್ಬಕ್ಕ ನಿಮ್ಮ ಮಷೀನಿನವ್ರು ಊರಿಗೆ ಹೋಗಿ ವಾರ ಬಿಟ್ಟು ಬಂದ್ರಲ್ಲ, ಅದನ್ನೂ ಬರೀತೀನಿ.”

ಅವನ ಮುಖ ಸಪ್ಪಗಾಯಿತು. “ಹಂಗಾದ್ರ ನಿಮಗೂ ಸಾಹೇಬ್ರಿಗೂ ಏನ್ರಿ ಫರಕು? ಗದ್ವಾಲದ ಕೆಲಸ ಕೈ ತಪ್ಪಿದ್ರ ನಾ ಈ ಮಷೀನೆಲ್ಲ ಮಾರಬೇಕಾಗ್ತೈತಿ.”

“ಫರಕು ಐತಿ. ಅವ್ರು ನಿಮ್ಮದಷ್ಟ ಬರಿ ಅಂತಾರ. ನಾ ಎಲ್ಲಾರದೂ ಬರೀತೀನಿ.”

ಅವನಿಗೆ ಇದರಿಂದ ಸಮಾಧಾನವೇನೂ ಆಗಲಿಲ್ಲ. ಚಹಾ ಕೊಟ್ಟ, ಕುಡಿದೆ. ಬಸ್ಸಿನವರೆಗೆ ಬಂದು ಬಿಟ್ಟ.

ಹೋಗಿ ತಟ್ಟಬೇಕಾದ ಬಾಗಿಲು ಇನ್ನೊಂದಿತ್ತು. ಸಾಹೇಬರಿಗೆ ಹೇಳಿದ್ದರೆ ಬೇಡ ಎನ್ನುತ್ತಿದ್ದರು. ಕಟ್ಟಡ ಮಾಲೀಕರ ತಾಯಿಯನ್ನು ಕಂಪನಿಯ ಒಬ್ಬ ಹುಡುಗಿ ಹೋಗಿ ವಿಚಾರಿಸುವುದೆಂದರೇನು? ಅದಕ್ಕೇ ಹೇಳದೆ ಹೋದೆ. ಕೆಲವು ಕೆಲಸಗಳನ್ನು ಕೇಳಿ ಮಾಡಬಾರದು.

ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಆ ಅಮ್ಮ ಕೂತಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮೈಮೇಲೆ ತಮ್ಮ ಅಂಗಡಿಯದೇ ಸೀರೆ. ಯಾರ ಮಗಳು, ಯಾವ ಊರು ಎಂದು ಕೇಳಿ, ಮಂಡಕ್ಕಿ ಕೊಡಿಸಿ, ಆಮೇಲೆ ಏನು ಬಂದೆ ಎಂದರು. ನಾನು ಸುತ್ತಿ ಬಳಸಲಿಲ್ಲ.

“ಅಮ್ಮಾರ, ನೈರುತ್ಯ ಮೂಲಿಯಾಗ ಬೋರ್ ಕೊರೀಬ್ಯಾಡ್ರಿ ಅಂತ ನೀವು ಅಂದಿದ್ರಿ ಅಂತ ಎಲ್ಲಾರೂ ಅಂತಾರ. ನಾ ಅದನ್ನ ವರದಿಯಾಗ ಬರೀಬೇಕು. ನಿಮ್ಮನ್ನ ಕೇಳದ ಬರಿಯೋದು ನನಗ ಸರಿ ಅನಸಲಿಲ್ಲ.”

ಪಕ್ಕದಲ್ಲಿದ್ದ ಸೊಸೆ ತಲೆ ಎತ್ತಿ ನೋಡಿದರು. ಅಮ್ಮ ಮಾತ್ರ ಅಲುಗಲಿಲ್ಲ.

“ಅಂದಿದ್ದು ಖರೇ ಐತಿ. ಸುಳ್ಳ್ಯಾಕ ಹೇಳ್ಲಿ?” ಎಂದರು. “ಬ್ಯಾಡ ಅಂದೆ. ಸರಿ ಅಮ್ಮಾರ ಅಂತ ಕೈ ಮುಗಿದು ಹೋದ್ರು. ಅಲ್ಲಿ ಯಾಕ ಕೊರೀಬೇಕು, ಕೊರೀಲಿಲ್ಲಂದ್ರ ಏನಾಗ್ತೈತಿ, ಯಾರೂ ಹೇಳ್ಲಿಲ್ಲ ನನಗ.”

“ಹೇಳಿದ್ರ ಒಪ್ಪತಿದ್ರೇನ್ರಿ?”

“ಮೊದಲ್ನೇ ಸಲ ಇಲ್ಲ.” ಅವರು ನಗಲಿಲ್ಲ. “ಎರಡನೇ ಸಲ ಬಂದು ಕೇಳಿದ್ರ ಮಠದ ಅಯ್ಯಾರನ್ನ ಕರಿಸ್ತಿದ್ದೆ. ದೇವಮೂಲಿಯಾಗ ಪೂಜಿ ಮಾಡಿ ಮೊದಲ ಗುದ್ಲಿ ಅಲ್ಲಿ ಹಾಕಿಬಿಟ್ರ, ಆಮ್ಯಾಲ ಎಲ್ಲಿ ಕೊರದ್ರೂ ದೋಷಿಲ್ಲವ್ವ. ಒಂದು ಮುಂಜಾನಿ ಕೆಲಸ ಅದು.”

ನಾನು ಮಂಡಕ್ಕಿಯ ತಟ್ಟೆ ಹಿಡಿದುಕೊಂಡೇ ಕೂತೆ. ದೇವಮೂಲೆ ಎಂದರೆ ಈಶಾನ್ಯ. ಒಂದು ಮುಂಜಾನೆಯ ಪೂಜೆ ಮುಂಚಿತವಾಗಿ ಆಗಿದ್ದರೆ ಒಂದು ಇಡೀ ಮಳೆಗಾಲ ಉಳಿಯುತ್ತಿತ್ತು. ಯಾಕೆ ಆಗಲಿಲ್ಲ? ದೊಡ್ಡವರು ಒಮ್ಮೆ ಬೇಡ ಎಂದ ಮೇಲೆ ಮತ್ತೆ ಹೋಗಿ ಕೇಳುವುದು ನಮ್ಮ ಕಡೆ ಮರ್ಯಾದೆಯಲ್ಲ. ಸಾಹೇಬರು ಮಾಡಿದ್ದು ನಮ್ಮ ಸೀಮೆಯ ಯಾವ ಮರ್ಯಾದಸ್ಥನಾದರೂ ಮಾಡುವಂಥದು. ಹೊರಗಿನ ಇಂಜಿನಿಯರ್ ಆಗಿದ್ದರೆ ಕಾಗದ ತೋರಿಸಿ ವಾದ ಮಾಡುತ್ತಿದ್ದನೇನೋ. ನಾವು ಕೈ ಮುಗಿದು ಬೋರು ಸರಿಸಿಬಿಟ್ಟೆವು.

ಎದ್ದಾಗ ಅಮ್ಮ, “ನನ್ನ ಮಾತು ಬರೀ. ಬರದ್ರ ಪೂರ್ತಿ ಬರೀಬೇಕು. ಅಮ್ಮ ಬ್ಯಾಡ ಅಂದ್ಲು ಅಂತ ಅರ್ಧ ಬರದು ಬಿಟ್ಟೀ ಮತ್ತ,” ಎಂದರು.

ಪೂರ್ತಿ ಬರೆದೆ. ಏನು ಅಂದುಕೊಂಡಿದ್ದೆವು, ಏನಾಯಿತು, ಯಾಕಾಯಿತು, ಮುಂದೆ ಯಾರು ಏನು ಮಾಡಬೇಕು ಎಂದು ನಾಲ್ಕು ಭಾಗ. ಒಳ್ಳೆಯದನ್ನೂ ಬರೆದೆ. ನೀರು ಎತ್ತುವ ಗುಂಡಿಯನ್ನು ಶಾಸ್ತ್ರ ನೋಡಿ ಈಶಾನ್ಯದಲ್ಲಿ ಮಾಡಿದ್ದರಿಂದ ಮಳೆಯ ನೀರೆಲ್ಲ ಇಳಿಜಾರಿಗೆ ಅಲ್ಲಿಗೇ ಹರಿದು ಪಂಪಿಗೆ ಸುಲಭವಾಗಿತ್ತು. ಅಗೆಯುವ ಮೊದಲೇ ನೇಕಾರರ ಗೋಡೆಯ ಹಳೆಯ ಬಿರುಕುಗಳ ಫೋಟೋ ತೆಗೆದಿಟ್ಟಿದ್ದರಿಂದ ಆಮೇಲೆ ಬಿರುಕಿನ ತಕರಾರು ಬರಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ. ತಪ್ಪಿನ ಭಾಗದಲ್ಲಿ ಮೊದಲ ಕಾರಣ, ಬೋರು ಸರಿಸಿದ್ದು ಮತ್ತು ಸರಿಸಿದ ಮೇಲೆ ಆ ಮೂಲೆ ನಮಗೆ ಗೊತ್ತಿಲ್ಲ ಎಂದು ವೇಳಾಪಟ್ಟಿಯಲ್ಲಿ ಎಲ್ಲಿಯೂ ಹೇಳದೇ ಇದ್ದದ್ದು. ಎರಡನೆಯದು, ಬಂಡೆ ಸಿಕ್ಕ ಮೇಲೂ ವೇಳಾಪಟ್ಟಿ ಬದಲಿಸದೆ ಪ್ರತಿ ಸೋಮವಾರ ‘ಮುಂದಿನ ವಾರ ಮುಗಿಯುತ್ತದೆ’ ಎಂದು ಮೇಲಕ್ಕೆ ಬರೆಯುತ್ತ ಹೋದದ್ದು. ಮೂರನೆಯದು, ಕಾಂಕ್ರೀಟು ಹಾಕುವ ತಯಾರಿ ಇಲ್ಲದೆ ತಳದವರೆಗೆ ಅಗೆದು ಮಳೆಗೆ ಒಡ್ಡಿದ್ದು. ಕೊನೆಯ ಒಂದು ಪದರ ಮಣ್ಣು ಹೊದಿಕೆಯಂತೆ ಬಿಟ್ಟಿರಬೇಕಿತ್ತು. ಗುತ್ತೇದಾರನ ಒಂದೇ ಬ್ರೇಕರ್, ಅವನ ಹಬ್ಬದ ರಜೆ ನಾಲ್ಕನೆಯದಾಗಿ ಬಂತು. ಅವನು ಪೂರ್ತಿ ಬ್ರೇಕರ್ ತಂದಿದ್ದರೂ, ಮಧ್ಯಾಹ್ನ ಮಾತ್ರ ಬಡಿಯಬೇಕಿದ್ದ ಕಡೆ ಕೆಲಸ ಸ್ವಲ್ಪ ಬೇಗ ಆಗುತ್ತಿತ್ತೇ ಹೊರತು ಮಳೆಗೆ ಮೊದಲು ಆಗುತ್ತಿರಲಿಲ್ಲ ಎಂದೂ ಬರೆದೆ.

ಸಾಹೇಬರು ಓದಿ ಕಾಗದ ಮೇಜಿನ ಮೇಲಿಟ್ಟರು.

“ವಾಸ್ತು ಅಂತ ಬರೀಬ್ಯಾಡ್ರಿ. ನಮ್ಮ ಎಂ.ಡಿ. ಸಾಹೇಬ್ರು ವಾಸ್ತು ನೋಡಿ ತಮ್ಮ ಕೋಣಿ ಬಾಗಿಲಾನ ತೆಗೆಸಿ ಬ್ಯಾರೆ ಕಡಿ ಇಡಿಸ್ಯಾರ. ನಿಮಗ ದೇವರಿಲ್ಲ ಅಂತಾರ.”

“ನಾ ವಾಸ್ತು ತಪ್ಪು ಅಂತ ಬರದಿಲ್ಲ ಸರ್. ಎರಡನೇ ಸಲ ಕೇಳಲಿಲ್ಲ ಅಂತ ಬರದೀನಿ.”

“ನಾ ಕೇಳಲಿಲ್ಲ ಅಂತ.”

“ನಾವು ಅಂತ ಬರದೀನ್ರಿ.”

ಅವರು ಕಿಟಕಿಯ ಕಡೆ ತಿರುಗಿದರು. ಆ ಸಾಲು ತೆಗೆಯಿರಿ ಎಂದು ಹೇಳಿದರು. ನಾನು ತೆಗೆಯುವುದಿಲ್ಲ, ಬೇಕಾದರೆ ವರದಿಗೆ ನೀವು ಬೇರೆಯವರನ್ನು ನೋಡಿ ಎಂದೆ. ಕೆಲಸ ಹೋದರೆ ಅಪ್ಪನಿಗೆ ಏನು ಹೇಳುವುದು ಎಂದು ಒಳಗೇ ಲೆಕ್ಕ ನಡೆದಿತ್ತು.

ಆ ಭಾನುವಾರ ಮಾಗನೂರಿಗೆ ಹೋದಾಗ ಅಪ್ಪನಿಗೆ ಎಲ್ಲ ಹೇಳಿದೆ. ಅವನು ಮಣ್ಣಿನ ಕೆಲಸದಲ್ಲಿ ಅಳತೆಗೆಂದು ನಡುನಡುವೆ ಅಗೆಯದೆ ಬಿಡುತ್ತಿದ್ದ ಗುಪ್ಪೆಗಳ ನೆನಪು ತೆಗೆದ. ನೆಲ ಮೊದಲು ಎಷ್ಟು ಎತ್ತರವಿತ್ತೆಂದು ಆ ಗುಪ್ಪೆ ಸಾಕ್ಷಿ ಹೇಳುತ್ತಿತ್ತು. ಅಳೆಯುವವನು ಬರುವ ಮೊದಲು ಯಾರಾದರೂ ಅದನ್ನು ಕೆಡವಿದರೆ ಇಡೀ ತಂಡದ ದುಡಿಮೆ ಬಾಯಿಮಾತಾಗುತ್ತಿತ್ತು.

“ಅದನ್ನ ಕಾಯಾಕ ಒಬ್ಬನ್ನ ಕುಂದ್ರಸ್ತಿದ್ವಿ. ನೀ ಕುಂತೀ ಅಂದ್ಕೋ,” ಎಂದ.

ಸಭೆ ಮಹಬೂಬನಗರದ ಕಚೇರಿಯಲ್ಲಿ ನಡೆಯಿತು. ಸಾಹೇಬರು ವರದಿಯನ್ನು ತಡೆಯಲೂ ಇಲ್ಲ, ಸಹಿ ಹಾಕಲೂ ಇಲ್ಲ. ನೀವೇ ಓದಿ ಎಂದುಬಿಟ್ಟರು. ಹೊಸ ಜಾಗಕ್ಕೆ ಸರಿಸಿದ ಬಾಗಿಲಿನಿಂದಲೇ ಒಳಗೆ ಹೋದೆ. ಎಂ.ಡಿ. ಬೆರಳ ತುಂಬ ಉಂಗುರದ ಮನುಷ್ಯ, ತೆಲುಗಿನಲ್ಲೇ ಮಾತು. ಅಮ್ಮನ ಮಾತನ್ನು ನಾನು ಪೂರ್ತಿ ಓದಿದೆ, ಮೊದಲ ಸಲ ಒಪ್ಪುತ್ತಿರಲಿಲ್ಲ ಎಂಬುದನ್ನೂ ಸೇರಿಸಿ.

ಓದಿ ಮುಗಿದ ಮೇಲೆ ಅವರು ಉಂಗುರ ತಿರುಗಿಸುತ್ತ ಕೇಳಿದರು: “ಆ ಬೋರು ಸರಿಸಲು ಒಪ್ಪಿದ್ದು ಯಾರು?”

ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ಎದ್ದು ನಿಂತರು. “ನಾನು ಸರ್. ಅಮ್ಮಾರ ಮಾತು ಮೀರಲಿಕ್ಕೆ ಮನಸ್ಸಾಗಲಿಲ್ಲ.”

ಎಂ.ಡಿ. ಬೈಯಲಿಲ್ಲ. ಬಹುಶಃ ಅವರೂ ಅಲ್ಲಿದ್ದರೆ ಅದನ್ನೇ ಮಾಡುತ್ತಿದ್ದರು, ಅದು ಅವರಿಗೂ ಗೊತ್ತಿತ್ತು. “ಗದ್ವಾಲದಲ್ಲಿ ಆ ಮೂಲೆಗೆ ಬೋರು ಆಗಿದೆಯೇ?” ಎಂದು ಕೇಳಿದರು.

ಸಾಹೇಬರು ನಿಂತೇ ಇದ್ದರು. “ಇಲ್ಲ ಸರ್. ಅಲ್ಲಿಯ ಮಾಲೀಕರೂ ಈಗ ಬೇಡ ಅಂದಿದ್ದಾರೆ. ಪಕ್ಕಕ್ಕೆ ಸರಿಸಿದ್ದೇವೆ.”

ನನಗೆ ಸಿಟ್ಟೂ ಬಂತು, ನಗುವೂ ಬಂತು, ಎರಡನ್ನೂ ನುಂಗಿದೆ. ಇಡೀ ಮಳೆಗಾಲ ಕೆಸರು ತುಳಿದು ಕಲಿತ ಪಾಠವನ್ನು ಬರೆಯುತ್ತಿದ್ದಾಗಲೇ, ಎಪ್ಪತ್ತು ಎಂಬತ್ತು ಕಿಲೋಮೀಟರಿನಾಚೆ ಅದೇ ಕೈಗಳು ಅದೇ ಬೋರನ್ನು ಸರಿಸಿದ್ದವು. ಗುತ್ತೇದಾರನನ್ನು ಬದಲಿಸಿದ್ದರೆ ಆ ಬಂಡೆಯೇನು ಕರಗುತ್ತಿತ್ತೇ?

“ಎರಡನೇ ಸಲ ಹೋಗಿ ಕೇಳಿ. ಪೂಜೆ ಕಂಪನಿಯಿಂದಲೇ ಆಗಲಿ,” ಎಂದು ಎಂ.ಡಿ. ನಮ್ಮ ಸಾಹೇಬರಿಗೆ ಹೇಳಿದರು. ಮಕ್ತಲ್‌ನ ಗುತ್ತೇದಾರನ ಮಾತು ಬಂದಾಗ, ಬೋರಿನ ಫಲಿತಾಂಶ ನೋಡಿ ಎಷ್ಟು ಬ್ರೇಕರ್ ತರುತ್ತಾನೆಂದು ಬರೆದುಕೊಟ್ಟರೆ ಅವನೇ ಇರಲಿ ಎಂದರು. ವರದಿಗೆ ಸಾಹೇಬರು ಅಲ್ಲಿಯೇ ಸಹಿ ಹಾಕಿದರು, ನನ್ನ ಮುಖ ನೋಡಲಿಲ್ಲ.

ಗದ್ವಾಲದ ಮಾಲೀಕರು ಎರಡನೇ ಸಲಕ್ಕೆ ಒಪ್ಪಲಿಲ್ಲ. ಸಾಹೇಬರು ನನಗೆ ಹೇಳದೆ ಮೂರನೇ ಸಲವೂ ಹೋಗಿದ್ದರಂತೆ. ಹೋಗಿ ಒಪ್ಪಿಸಿಕೊಂಡೇ ಬಂದರು. ಈಶಾನ್ಯದಲ್ಲಿ ತೆಂಗಿನಕಾಯಿ ಒಡೆದು, ಅಯ್ಯನವರು ಹಾಕಿಸಿದ ಮೊದಲ ಗುದ್ದಲಿ ಬಿದ್ದ ಮೇಲೆ ಕೊರೆಯುವ ಯಂತ್ರವನ್ನು ನೈಋತ್ಯಕ್ಕೆ ತಂದು ನಿಲ್ಲಿಸಿದರು. ನಾನೂ ಗುತ್ತೇದಾರನೂ ಸಾಹೇಬರೂ ಬಿಸಿಲಲ್ಲಿ ನಿಂತಿದ್ದೆವು. ಮೊದಲು ಕೆಂಪು ಮಣ್ಣು, ಆಮೇಲೆ ಮೊರಂ. ಆಮೇಲೆ ಕೊಳವೆಯೊಳಗಿಂದ ಉದ್ದನೆಯ, ಬೂದು ಬಣ್ಣದ, ಎಲ್ಲೂ ಮುರಿಯದ ಕಲ್ಲಿನ ಕೋಲು ಹೊರಬಂತು. ನಾವು ಅಗೆಯಬೇಕಿದ್ದ ಆಳ ಇನ್ನೂ ಎಷ್ಟೋ ಕೆಳಗಿತ್ತು.

ಗುತ್ತೇದಾರ ಅದನ್ನು ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿದ. ನನ್ನ ವರದಿಯಲ್ಲಿ ತನ್ನ ತಪ್ಪು ಬರೆದದ್ದಕ್ಕೆ ಅವನು ಅಲ್ಲಿಯವರೆಗೆ ನನ್ನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ.

“ಎರಡು ಸಾಕಾಗಂಗಿಲ್ಲ ಸಾಹೇಬ್ರ, ಮೂರು ಬ್ರೇಕರ್ ಬೇಕು ಇದಕ. ಮೊದಲ್ನೇ ದಿನದಿಂದ ಬೇಕು,” ಎಂದು ಸಾಹೇಬರಿಗೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಿ, “ಬರಕೋರಿ ಮೇಡಂ. ನನ್ನ ಹೆಸರಿನ ಮುಂದ ಬರಕೋರಿ,” ಎಂದ.

ಸಾಹೇಬರು ಕಲ್ಲನ್ನು ಮುಟ್ಟಿ ಕೈ ಹಣೆಗೆ ಒತ್ತಿಕೊಂಡರು. ನಾನು ಚೀಲದಿಂದ ಪೆನ್ನು ತೆಗೆದು ಬರೆದುಕೊಂಡೆ.